ಸಾವ್ಕಾರರನ್ನು ಕೇಳಿದಿರಾ?

ಕಳೆದ ಹತ್ತಿ ಸುಗ್ಗಿಯಲ್ಲಿ ನಮ್ಮ ಅಬ್ಬೆತುಮಕೂರಿನ ವಾಟ್ಸ್‌ಆ್ಯಪ್ ಗುಂಪಿಗೆ ಎರಡು ತೂಕದ ಚೀಟಿಗಳ ಫೋಟೊ ಬಂತು. ಒಂದೇ ಟ್ರ್ಯಾಕ್ಟರ್, ಒಂದೇ ದಿನ, ಅದೇ ಹತ್ತಿ. ದಾರಿಯಲ್ಲಿದ್ದ ಖಾಸಗಿ ವೇಬ್ರಿಜ್‌ನಲ್ಲಿ 5,720 ಕೆ.ಜಿ., ಹತ್ತಿ ಕೊಂಡ ವ್ಯಾಪಾರಿಯ ವೇಬ್ರಿಜ್‌ನಲ್ಲಿ 5,540 ಕೆ.ಜಿ. ಅಂದರೆ 180 ಕೆ.ಜಿ. ಕಡಿಮೆ. ಕ್ವಿಂಟಲ್‌ಗೆ ಏಳು ಸಾವಿರದಂತೆ ಹಿಡಿದರೂ 12,600 ರೂಪಾಯಿ. ಫೋಟೊದ ಕೆಳಗೆ ವ್ಯಾಪಾರಿಯ ಹೆಸರು, ಅಂಗಡಿಯ ಹೆಸರು, ‘ಕಳ್ಳ’ ಎಂಬ ಪದ. ಅರ್ಧ ಗಂಟೆಯಲ್ಲಿ ಸುತ್ತಲಿನ ಊರುಗಳ ಗುಂಪುಗಳಿಗೂ ಅದು ಹೋಗಿತ್ತು.

ನನ್ನ ಗೆಳೆಯನೊಬ್ಬ ಯೂಟ್ಯೂಬ್‌ನಲ್ಲಿ ಸುದ್ದಿ ಚಾನೆಲ್ ನಡೆಸುತ್ತಾನೆ. ಅವನಿಗೆ ಸ್ಕ್ರಿಪ್ಟ್ ಬರೆದುಕೊಡುವುದು ನಾನು. ಬಿಇ ಓದುತ್ತಿರುವವನು ಇದನ್ನೇಕೆ ಮಾಡುತ್ತೀಯ ಎಂದು ಮನೆಯಲ್ಲಿ ಕೇಳುತ್ತಾರೆ, ಅದು ಬೇರೆ ಕಥೆ. ಆ ರಾತ್ರಿ ಅವನು ಫೋನ್ ಮಾಡಿ, ‘ಲೇ ದೋಸ್ತಾ, ಎರಡೂ ಚೀಟಿ ಕೈಯಾಗ ಅದಾವ, ರೈತರು ಕ್ಯಾಮೆರಾ ಮುಂದ ಮಾತಾಡ್ತಾರ, ಮುಂಜಾನಿ ಬಿಡೋಣು’ ಎಂದ. ನಾನೂ ಉತ್ಸಾಹದಲ್ಲೇ ಬರೆಯಲು ಕೂತೆ. ಎರಡನೇ ವಾಕ್ಯಕ್ಕೆ ಪೆನ್ನು ನಿಂತಿತು. ‘ವ್ಯಾಪಾರಿ 180 ಕೆ.ಜಿ. ಹತ್ತಿಯನ್ನು ಮೋಸದಿಂದ ಹೊಡೆದಿದ್ದಾರೆ’ ಎಂದು ಬರೆಯಬೇಕಿತ್ತು. ನಮಗೆ ಗೊತ್ತಿದ್ದದ್ದು ಎರಡು ಅಂಕಿಗಳು ಮಾತ್ರ. ಅವು ಏಕೆ ಬೇರೆಯಾದವು ಎಂಬುದು ಗೊತ್ತಿರಲಿಲ್ಲ. ಅದಕ್ಕೆ ಉತ್ತರ ಇರಬಹುದಾದ ಒಬ್ಬ ಮನುಷ್ಯನನ್ನು ನಾವು ಕೇಳಿಯೇ ಇರಲಿಲ್ಲ.

ಆರೋಪ ಹೊತ್ತವರ ಮಾತು ಕೇಳುವುದನ್ನು ನಮ್ಮಲ್ಲಿ ಬಹಳ ಜನ ಒಂದು ಶಿಷ್ಟಾಚಾರ ಎಂದುಕೊಂಡಿದ್ದಾರೆ. ಕೊನೆಯಲ್ಲಿ ‘ಅವರು ಆರೋಪ ನಿರಾಕರಿಸಿದ್ದಾರೆ’ ಎಂಬ ಒಂದು ಸಾಲು ಸೇರಿಸಿದರೆ ಮುಗಿಯಿತು ಎಂಬ ಲೆಕ್ಕ. ನಾನು ಈಗ ಬೇರೆ ರೀತಿ ಯೋಚಿಸುತ್ತೇನೆ. ಅವರನ್ನು ಕೇಳಬೇಕಾದ್ದು, ಸುದ್ದಿಯ ಒಂದು ತುಂಡು ಅವರ ಹತ್ತಿರ ಮಾತ್ರ ಇರುವುದರಿಂದ. ಆ ತುಂಡು ಸಿಗುವವರೆಗೆ ನಮ್ಮ ಕೈಯಲ್ಲಿರುವುದು ಅರ್ಧ ಸುದ್ದಿ.

ಇದಕ್ಕೆ ಹತ್ತಿರವಾದ ಒಂದು ಪ್ರಕರಣ ನಮ್ಮ ರಾಜ್ಯದ್ದೇ. ಬೆಂಗಳೂರಿನಲ್ಲಿ ‘ಬಿಡ್ ಆ್ಯಂಡ್ ಹ್ಯಾಮರ್’ ಎಂಬ ಹರಾಜು ಸಂಸ್ಥೆ ಇದೆ. ಕಲಾಕೃತಿಗಳನ್ನು ಹರಾಜು ಹಾಕುವುದು ಅದರ ವ್ಯಾಪಾರ. 2014ರಲ್ಲಿ ಅದು ಹರಾಜಿಗಿಟ್ಟಿದ್ದ ಕೆಲವು ಚಿತ್ರಗಳು ಅಸಲಿಯೇ ಎಂಬ ಪ್ರಶ್ನೆ ಎತ್ತಿ ಟೈಮ್ಸ್ ಸಮೂಹದ ಪತ್ರಿಕೆಗಳಲ್ಲಿ ವರದಿಗಳು ಬಂದವು. ಸಂಸ್ಥೆ ಬೆಂಗಳೂರಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಕ್ರಿಮಿನಲ್ ಮಾನನಷ್ಟದ ಖಾಸಗಿ ದೂರು ಕೊಟ್ಟಿತು. 2016ರಲ್ಲಿ ಸಂಪಾದಕರು ಮತ್ತು ವರದಿಗಾರರಿಗೆ ಸಮನ್ಸ್ ಹೋಯಿತು. ಪ್ರಕರಣ ರದ್ದು ಮಾಡಿ ಎಂದು ಅವರು ಹೈಕೋರ್ಟಿಗೆ ಹೋದರು. 2024ರಲ್ಲಿ ಹೈಕೋರ್ಟ್ ಅವರ ಕೋರಿಕೆಯನ್ನು ಒಪ್ಪಲಿಲ್ಲ. ಕೊನೆಗೆ 2025ರ ಫೆಬ್ರುವರಿ 18ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹದೇವನ್ ಅವರ ಪೀಠ ಪ್ರಕರಣವನ್ನು ರದ್ದು ಮಾಡಿತು.

ತೀರ್ಪು ಬಂದಾಗ ಕೆಲವರು ಇದನ್ನು ಪತ್ರಿಕೆಗಳ ಗೆಲುವು ಎಂದರು. ಕಾರಣ ನೋಡಿದರೆ ಹಾಗೆ ಹೇಳುವುದು ಕಷ್ಟ. ಆರೋಪಿಗಳು ಮ್ಯಾಜಿಸ್ಟ್ರೇಟರ ವ್ಯಾಪ್ತಿಯ ಹೊರಗೆ ವಾಸಿಸುವವರಾದರೆ ಸಮನ್ಸ್ ಕೊಡುವ ಮುಂಚೆ ವಿಚಾರಣೆ ನಡೆಸಲೇಬೇಕೆಂಬ ನಿಯಮವಿದೆ. ಅದು ಸರಿಯಾಗಿ ನಡೆದಿರಲಿಲ್ಲ. ವರದಿಯಿಂದ ಸಂಸ್ಥೆಯ ಹೆಸರು ಕೆಟ್ಟಿತು ಎಂದು ಹೇಳುವ ಸಾಕ್ಷಿಯನ್ನೂ ಆ ಹಂತದಲ್ಲಿ ವಿಚಾರಿಸಿರಲಿಲ್ಲ. ಇಷ್ಟು ವರ್ಷಗಳ ನಂತರ ಮತ್ತೆ ಕೆಳಗಿನ ಕೋರ್ಟಿಗೆ ಕಳಿಸಿ ಪ್ರಯೋಜನವಿಲ್ಲ ಎಂದಿತು ಪೀಠ. ಅದೇ ತೀರ್ಪಿನಲ್ಲಿ ಮಾಧ್ಯಮದ ಬರಹ ಜನರ ಅಭಿಪ್ರಾಯವನ್ನು ಬಹಳ ಬೇಗ ಬದಲಿಸಬಲ್ಲದು, ಹೆಸರು ಕೆಡಿಸಬಲ್ಲದು, ಆದ್ದರಿಂದ ನಿಖರತೆ ಮತ್ತು ನ್ಯಾಯಪರತೆ ಅತ್ಯಗತ್ಯ ಎಂಬ ಎಚ್ಚರಿಕೆಯ ಮಾತೂ ಇದೆ. ಚಿತ್ರಗಳು ಅಸಲಿಯೋ ನಕಲಿಯೋ, ವರದಿ ಸರಿಯೋ ತಪ್ಪೋ ಎಂಬುದು ಇಲ್ಲಿ ತೀರ್ಮಾನವಾಗಲಿಲ್ಲ. ವರದಿ ಬಂದದ್ದು 2014, ಪ್ರಕರಣ ಮುಗಿದದ್ದು 2025. ಇಷ್ಟು ವರ್ಷ ಸಂಪಾದಕರು, ವರದಿಗಾರರು ವಕೀಲರ ಕಚೇರಿ ಸುತ್ತಿದರು. ಹರಾಜು ಸಂಸ್ಥೆಗೂ ತನ್ನ ಹೆಸರಿನ ಬಗ್ಗೆ ಒಂದು ಉತ್ತರ ಸಿಗಲಿಲ್ಲ.

ಹರಾಜು ಸಂಸ್ಥೆಯ ವ್ಯಾಪಾರವನ್ನೇ ಸ್ವಲ್ಪ ಯೋಚಿಸಿ. ಚಿತ್ರ ಯಾರ ಕೈಯಿಂದ ಯಾರ ಕೈಗೆ ಬಂತು, ಯಾರು ಪರೀಕ್ಷಿಸಿದರು ಎಂಬ ಕಾಗದಗಳ ಸರಪಳಿಯೇ ಅಲ್ಲಿನ ಬಂಡವಾಳ. ಹೊರಗಿನ ತಜ್ಞ ಚಿತ್ರ ನೋಡಿ ಅನುಮಾನ ಹೇಳಬಹುದು. ಆದರೆ ಆ ಕಾಗದಗಳು ಇರುವುದು ಮಾರುವವರ ಹತ್ತಿರ. ಹಾಗಾಗಿ ಇಂಥ ಸುದ್ದಿ ಮಾಡುವವರು ‘ನಿಮ್ಮ ಮೇಲೆ ಆರೋಪ ಇದೆ, ಏನಂತೀರಿ?’ ಎಂದು ಕೇಳಿದರೆ ಪ್ರಯೋಜನವಿಲ್ಲ. ‘ಪಟ್ಟಿಯಲ್ಲಿ ಇಂಥ ಸಂಖ್ಯೆಯ ಚಿತ್ರ ಯಾರಿಂದ ಬಂತು, ಅದರ ದಾಖಲೆ ತೋರಿಸುತ್ತೀರಾ?’ ಎಂದು ಕೇಳಬೇಕು. ಮೊದಲ ಪ್ರಶ್ನೆಗೆ ಸಿಗುವುದು ಕೋಪ ಅಥವಾ ನಿರಾಕರಣೆ. ಎರಡನೆಯದಕ್ಕೆ ಕಾಗದ ಸಿಗುತ್ತದೆ, ಇಲ್ಲವೇ ಕಾಗದ ಇಲ್ಲ ಎಂಬುದು ತಿಳಿಯುತ್ತದೆ. ಎರಡೂ ಸುದ್ದಿಯೇ.

ಭಾರತೀಯ ಪತ್ರಿಕಾ ಮಂಡಳಿಯ ಪತ್ರಿಕೋದ್ಯಮ ನಡವಳಿಕೆ ಸೂತ್ರಗಳಲ್ಲಿ ಇದನ್ನು ಪ್ರಕಟಣೆಗೆ ಮುಂಚಿನ ಪರಿಶೀಲನೆ ಎಂದು ಕರೆದಿದ್ದಾರೆ. ಒಬ್ಬ ವ್ಯಕ್ತಿ ಅಥವಾ ಸಂಸ್ಥೆಯ ಮೇಲೆ ಆಪಾದನೆ ಇರುವ ವರದಿ ಬಂದರೆ ಸಂಪಾದಕರು ಬೇರೆ ಮೂಲಗಳ ಜೊತೆಗೆ ಆ ವ್ಯಕ್ತಿಯ ಹತ್ತಿರವೂ ಸತ್ಯಾಂಶ ಪರಿಶೀಲಿಸಬೇಕು, ಅವರ ಮಾತನ್ನು ವರದಿಯ ಜೊತೆಯಲ್ಲೇ ಪ್ರಕಟಿಸಬೇಕು, ಅಗತ್ಯವಿದ್ದರೆ ವರದಿಯನ್ನೇ ತಿದ್ದಬೇಕು. ಉತ್ತರ ಬಾರದಿದ್ದರೆ ಆ ಬಗ್ಗೆ ಟಿಪ್ಪಣಿ ಹಾಕಬಹುದು. ಇದರಲ್ಲಿ ‘ವರದಿಯನ್ನೇ ತಿದ್ದಬೇಕು’ ಎಂಬ ಭಾಗವನ್ನು ಎಲ್ಲರೂ ಮರೆಯುತ್ತಾರೆ. ಉತ್ತರ ಪಡೆಯುವುದು ಅಂಟಿಸಲಿಕ್ಕಲ್ಲ, ಬರೆದದ್ದು ಬದಲಾಗಬೇಕೇ ಎಂದು ನೋಡಲಿಕ್ಕೆ. ಯೂಟ್ಯೂಬ್ ಚಾನೆಲ್‌ಗಳ ಮೇಲೆ ಪತ್ರಿಕಾ ಮಂಡಳಿಗೆ ಅಧಿಕಾರವಿಲ್ಲ. ಆದರೆ ಮಾನನಷ್ಟದ ಕಾನೂನು ಎಲ್ಲರಿಗೂ ಒಂದೇ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಶಿಕ್ಷೆ ಎರಡು ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಸಮುದಾಯ ಸೇವೆ. ಸದ್ಭಾವನೆಯಿಂದ, ಸಾರ್ವಜನಿಕ ಹಿತಕ್ಕೆ ಬರೆದೆ ಎಂಬುದು ಅಲ್ಲಿ ರಕ್ಷಣೆ. ಆದರೆ ಸರಿಯಾದ ಎಚ್ಚರ, ಗಮನ ಇಲ್ಲದೆ ಮಾಡಿದ್ದು ಸದ್ಭಾವನೆಯೇ ಅಲ್ಲ ಎಂದು ಕಾನೂನೇ ಹೇಳುತ್ತದೆ. ಮನಸ್ಸು ಒಳ್ಳೆಯದಿದ್ದರೆ ಸಾಲದು, ಕೇಳಿದ್ದೆ ಎಂದು ತೋರಿಸಬೇಕಾಗುತ್ತದೆ.

ನಮ್ಮ ಹತ್ತಿಯ ಕಥೆಗೆ ಬರುತ್ತೇನೆ. ಗೆಳೆಯನನ್ನು ಒಪ್ಪಿಸಲು ಅರ್ಧ ರಾತ್ರಿ ಬೇಕಾಯಿತು. ‘ಕೇಳಿದ್ರ ಅವ್ರು ಫೋನ್ ಹಚ್ಚಿ ಯಾರ್ಯಾರಿಗೋ ಹೇಳಿಸ್ತಾರ’ ಎಂಬುದು ಅವನ ಭಯ. ಸುಳ್ಳು ಭಯವಲ್ಲ. ಆದರೂ ಮರುದಿನ ಬೆಳಿಗ್ಗೆ ಒಂದು ಪುಟದ ಪತ್ರ ಬರೆದು ಅಂಗಡಿಗೆ ಕೊಟ್ಟು, ಅದನ್ನೇ ಅವರ ವಾಟ್ಸ್‌ಆ್ಯಪ್‌ಗೂ ಕಳಿಸಿದೆವು. ರೈತರ ಹೆಸರು ಹಾಕಲು ಮೊದಲು ಅವರ ಒಪ್ಪಿಗೆ ಕೇಳಿದೆವು. ಏಕೆಂದರೆ ಮುಂದಿನ ಸುಗ್ಗಿಗೂ ಅವರು ಅದೇ ಅಂಗಡಿಗೆ ಹೋಗುವವರು. ‘ಹಾಕ್ರಿ, ನಂದೇನ್ ಅಂಜಿಕಿಲ್ಲ’ ಎಂದರು ಕಾಕಾ.

ಪತ್ರದಲ್ಲಿ ‘ಮೋಸ’ ಎಂಬ ಪದ ಇರಲಿಲ್ಲ. ಎರಡು ಚೀಟಿಗಳ ದಿನ, ಸಮಯ, ತೂಕ ಬರೆದು ನಾಲ್ಕು ಪ್ರಶ್ನೆ ಕೇಳಿದ್ದೆವು. ಈ 180 ಕೆ.ಜಿ. ವ್ಯತ್ಯಾಸಕ್ಕೆ ಕಾರಣವೇನು? ಖಾಲಿ ಗಾಡಿಯ ತೂಕ ಯಾವಾಗ, ಯಾರ ಎದುರು ತೆಗೆದಿರಿ? ನಿಮ್ಮ ವೇಬ್ರಿಜ್‌ಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಕೊನೆಯ ಬಾರಿ ಬಿದ್ದದ್ದು ಯಾವಾಗ? ಹಣ ಕೊಟ್ಟ ಬಿಲ್ಲಿನಲ್ಲಿ 2,019 ಕೆ.ಜಿ. ಎಂದಿದೆ, ನಿಮ್ಮದೇ ಚೀಟಿಯ ಪ್ರಕಾರ 2,060 ಆಗಬೇಕಲ್ಲ? ಕೊನೆಯ ಪ್ರಶ್ನೆಯನ್ನು ಸೇರಿಸಿದ್ದು ರಾತ್ರಿ ಕೂತು ಲೆಕ್ಕ ಮಾಡುವಾಗ. ಅವರ ಚೀಟಿಯಲ್ಲಿ ಖಾಲಿ ಗಾಡಿ 3,480 ಎಂದಿತ್ತು. 5,540ರಲ್ಲಿ ಅದನ್ನು ಕಳೆದರೆ 2,060. ಬಿಲ್ಲಿನಲ್ಲಿ 41 ಕೆ.ಜಿ. ಮತ್ತೆ ಮಾಯವಾಗಿತ್ತು. ಊರೆಲ್ಲ 180ರ ಹಿಂದೆ ಬಿದ್ದಿದ್ದರಿಂದ ಈ 41 ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಎರಡು ದಿನದ ಸಮಯ ಕೊಟ್ಟೆವು. ಸಂಜೆಯೇ ಕರೆ ಬಂತು. ‘ಏನಪಾ ತಮ್ಮಾ, ಸಾಲಿ ಬಿಟ್ಟು ಇದಾ ಮಾಡ್ತೀರೇನು’ ಎಂದು ಶುರು ಮಾಡಿದ ಸಾವ್ಕಾರರು ಹತ್ತು ನಿಮಿಷ ಬೈದರು. ನಾನು ‘ಹೌದ್ರಿ ಸಾವ್ಕಾರ್ರ, ಅದಕ್ಕಾ ಮೊದಲ ನಿಮ್ಮನ್ನ ಕೇಳಾಕತ್ತೀವ್ರಿ’ ಎಂದೆ. ಆಮೇಲೆ ಅಂಗಡಿಗೆ ಬನ್ನಿ ಎಂದರು.

ಅಂಗಡಿಯಲ್ಲಿ ಅವರು ಹೇಳಿದ್ದು ಇದು. ಅವರ ವೇಬ್ರಿಜ್ ಮೇಲೆ ಗಾಡಿ ಹತ್ತಿಸುವಾಗ ಡ್ರೈವರ್ ಬಿಟ್ಟು ಉಳಿದವರನ್ನು ಕೆಳಗಿಳಿಸುತ್ತಾರೆ. ದಾರಿಯ ವೇಬ್ರಿಜ್‌ನಲ್ಲಿ ತುಂಬಿದ ಗಾಡಿಯ ಮೇಲೆ ಯಾರಾದರೂ ಕೂತಿದ್ದರೇ ಎಂದು ರೈತರನ್ನು ಕೇಳಿ ಎಂದರು. ಮುದ್ರೆಯ ಪ್ರಮಾಣಪತ್ರ ತೋರಿಸಿದರು; ಅವಧಿ ಮುಗಿದಿರಲಿಲ್ಲ. ನಾಲ್ಕನೇ ಪ್ರಶ್ನೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕ್ವಿಂಟಲ್‌ಗೆ ಎರಡು ಕಿಲೊ ತೇವ, ಕಸ ಅಂತ ಎಲ್ಲರೂ ಹಿಡೀತಾರ, ನಾ ಒಬ್ಬನಾ ಅಲ್ಲ’ ಎಂದರು.

ಇಲ್ಲಿ ನಿಲ್ಲಿಸಿದ್ದರೆ ಅದೂ ತಪ್ಪಾಗುತ್ತಿತ್ತು. ಉತ್ತರ ಸಿಕ್ಕಿತು ಎಂದರೆ ಉತ್ತರ ನಿಜ ಎಂದಲ್ಲ; ಅದೂ ಪರಿಶೀಲಿಸಬೇಕಾದ ಇನ್ನೊಂದು ಹೇಳಿಕೆ. ಕಾಕಾರನ್ನು ಕೇಳಿದಾಗ ಅವರು ತಲೆ ಕೆರೆದುಕೊಂಡು, ‘ಹೌದಲ್ಲೋ, ನಾನು, ನನ್ನ ಅಳಿಯ, ಇನ್ನೊಬ್ಬ ಆಳು ಮ್ಯಾಲ ಕುಂತಿದ್ವಿ’ ಎಂದರು. ಮರುದಿನ ಅದೇ ಟ್ರ್ಯಾಕ್ಟರನ್ನು ಅದೇ ದಾರಿಯ ವೇಬ್ರಿಜ್‌ಗೆ ಒಯ್ದು, ಮೂವರನ್ನು ಹತ್ತಿಸಿ ಒಮ್ಮೆ, ಇಳಿಸಿ ಒಮ್ಮೆ ತೂಗಿಸಿದೆವು. ಎರಡು ಚೀಟಿಗಳ ವ್ಯತ್ಯಾಸ 190 ಕೆ.ಜಿ. ಬಂತು. ವೇಬ್ರಿಜ್‌ನ ಅಂಕಿ ಹತ್ತು ಹತ್ತು ಕಿಲೊ ಹೆಜ್ಜೆಯಲ್ಲಿ ಏರುತ್ತಿತ್ತು, ಆದ್ದರಿಂದ ಈ ಹತ್ತು ಕಿಲೊಗೆ ಅರ್ಥ ಹಚ್ಚುವ ಹಾಗಿಲ್ಲ. (ಮೆಷರ್‌ಮೆಂಟ್ ಪಾಠದಲ್ಲಿ ಓದಿದ್ದು ಹೊರಗೆ ಉಪಯೋಗಕ್ಕೆ ಬಂದದ್ದು ಇದೇ ಮೊದಲು.) 180 ಕೆ.ಜಿ. ಕಳ್ಳತನದ ಕಥೆ ಅಲ್ಲಿಗೆ ಮುಗಿಯಿತು.

ಉಳಿದದ್ದು 41 ಕೆ.ಜಿ. ಅದನ್ನು ವ್ಯಾಪಾರಿಯೇ ಒಪ್ಪಿದ್ದರು. ಬೆಲೆಯಲ್ಲಿ ಹೇಳಿದರೆ ಸುಮಾರು 2,900 ರೂಪಾಯಿ, ಬಿಲ್ಲಿನಲ್ಲಿ ಎಲ್ಲೂ ಕಾಣದ ಕಡಿತ. ತೇವ ಅಳೆದ ಯಾವ ಅಂಕಿಯೂ ಇರಲಿಲ್ಲ. ಅವರನ್ನು ಕೇಳದೆ ಹೋಗಿದ್ದರೆ ನಾವು ಸುಳ್ಳು ಆರೋಪ ಬಿತ್ತರಿಸಿ, ನಿಜವಾದದ್ದನ್ನು ಬಿಟ್ಟಿರುತ್ತಿದ್ದೆವು.

ಎಷ್ಟು ಸಮಯ ಕೊಡಬೇಕು ಎಂಬ ಪ್ರಶ್ನೆ ದೊಡ್ಡ ಪತ್ರಿಕೆಗಳನ್ನೂ ಕಾಡಿದೆ. 2002ರ ಫೆಬ್ರುವರಿಯಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನ ಯುರೋಪ್ ಆವೃತ್ತಿ ಒಂದು ವರದಿ ಪ್ರಕಟಿಸಿತು. ಭಯೋತ್ಪಾದಕರಿಗೆ ಹಣ ಹೋಗುತ್ತಿದೆಯೇ ಎಂದು ತಿಳಿಯಲು, ಅಮೆರಿಕದ ಕೋರಿಕೆಯ ಮೇರೆಗೆ, ಸೌದಿ ಅರೇಬಿಯಾದ ಕೇಂದ್ರ ಬ್ಯಾಂಕ್ ಕೆಲವು ದೊಡ್ಡ ವ್ಯಾಪಾರಿಗಳ ಖಾತೆಗಳ ಮೇಲೆ ಕಣ್ಣಿಟ್ಟಿದೆ ಎಂಬುದು ಅದರ ಸಾರ. ಹೆಸರಿಸಿದವರಲ್ಲಿ ಉದ್ಯಮಿ ಮೊಹಮ್ಮದ್ ಜಮೀಲ್ ಅವರ ಸಮೂಹವೂ ಇತ್ತು. ಪ್ರಕಟಣೆಯ ಹಿಂದಿನ ಸಂಜೆ ವರದಿಗಾರರು ಸಂಪರ್ಕಿಸಿದಾಗ, ಜಮೀಲ್ ಜಪಾನಿನಲ್ಲಿದ್ದಾರೆ, 24 ಗಂಟೆ ಕಾಯಿರಿ ಎಂದು ಕಂಪನಿಯ ಪ್ರತಿನಿಧಿ ಕೇಳಿದರು. ಪತ್ರಿಕೆ ಕಾಯಲಿಲ್ಲ. ಲಂಡನ್ನಿನ ಜ್ಯೂರಿ ಜಮೀಲ್ ಅವರಿಗೆ 30,000 ಪೌಂಡ್, ಕಂಪನಿಗೆ 10,000 ಪೌಂಡ್ ಪರಿಹಾರ ಹೇಳಿತು. ಮೇಲ್ಮನವಿ ನ್ಯಾಯಾಲಯವೂ, ಅಷ್ಟು ಕಾಯದೆ ಹೋದ ಪತ್ರಿಕೆಗೆ ರಕ್ಷಣೆ ಇಲ್ಲ ಎಂದಿತು. 2006ರ ಅಕ್ಟೋಬರ್ 11ರಂದು ಹೌಸ್ ಆಫ್ ಲಾರ್ಡ್ಸ್ ಇದನ್ನು ತಿರುಗಿಸಿ ಪತ್ರಿಕೆಯ ಪರ ತೀರ್ಪು ಕೊಟ್ಟಿತು.

ತಿರುಗಿಸಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ನನಗೆ ಮುಖ್ಯವಾಗಿ ಕಂಡಿತು. ಖಾತೆಗಳ ಮೇಲಿನ ಕಣ್ಗಾವಲು ಗುಟ್ಟಿನದು. ಕಾದಿದ್ದರೂ ಜಮೀಲ್, ನನಗೆ ಅದರ ಬಗ್ಗೆ ಏನೂ ಗೊತ್ತಿಲ್ಲ, ಅದಕ್ಕೆ ಕಾರಣವೂ ಇಲ್ಲ ಎಂದಷ್ಟೇ ಹೇಳಬಹುದಿತ್ತು. ಕಾಯ್ದಿದ್ದರೆ ಒಳ್ಳೆಯದಿತ್ತೇನೋ, ಆದರೆ ಕಾಯದಿದ್ದುದೇ ವರದಿಯನ್ನು ಬೇಜವಾಬ್ದಾರಿ ಮಾಡುವುದಿಲ್ಲ ಎಂಬ ತರ್ಕ. ನಮ್ಮ ಸಾವ್ಕಾರರ ಜೊತೆ ಹೋಲಿಸಿ ನೋಡಿ. ಅವರಿಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಒಂದು ದಿನ ಕಾಯದಿದ್ದರೆ ಸುದ್ದಿಯೇ ಸುಳ್ಳಾಗುತ್ತಿತ್ತು. ಹಾಗಾಗಿ ಸಮಯಕ್ಕೆ ಒಂದೇ ಅಳತೆ ಇಲ್ಲ. ಹಳೆಯ ಲೆಕ್ಕಪತ್ರ ಹುಡುಕಿ ಉತ್ತರಿಸಬೇಕಾದ ಪ್ರಶ್ನೆಗೆ ರಾತ್ರಿ ಒಂಬತ್ತಕ್ಕೆ ಮೆಸೇಜ್ ಹಾಕಿ ಹತ್ತಕ್ಕೆ ‘ಪ್ರತಿಕ್ರಿಯಿಸಲಿಲ್ಲ’ ಎಂದು ಬರೆಯುವುದು ಕೇಳಿದಂತೆ ನಟಿಸುವುದು ಅಷ್ಟೇ.

ಈ ಪದಗಳ ಬಗ್ಗೆಯೂ ಒಂದು ಮಾತು. ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದರೆ ನಮ್ಮ ಪ್ರಶ್ನೆ ಅವರಿಗೆ ತಲುಪಲಿಲ್ಲ. ‘ಪ್ರತಿಕ್ರಿಯಿಸಲಿಲ್ಲ’ ಎಂದರೆ ತಲುಪಿತು, ಉತ್ತರ ಬರಲಿಲ್ಲ. ‘ಪ್ರತಿಕ್ರಿಯಿಸಲು ನಿರಾಕರಿಸಿದರು’ ಎಂದರೆ ಉತ್ತರ ಕೊಡುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದರು. ‘ಸಮಯ ಕೇಳಿದರು, ನಾವು ಕೊಡಲಿಲ್ಲ’ ಎಂಬುದು ಈ ಮೂರರಲ್ಲಿ ಯಾವುದೂ ಅಲ್ಲ. ಹಾಗೇ ನಡೆದಿದ್ದರೆ ಹಾಗೇ ಬರೆಯಬೇಕು. ಎರಡು ಬಾರಿ ರಿಂಗ್ ಆಗಿ ಕಟ್ಟಾದ ಫೋನನ್ನು ‘ನಿರಾಕರಣೆ’ ಮಾಡುವ ವರದಿಗಳನ್ನು ನಾವು ದಿನಾ ಓದುತ್ತೇವೆ. ಓದುಗನ ಕಿವಿಗೆ ಅದು ತಪ್ಪೊಪ್ಪಿಗೆಯಂತೆ ಕೇಳುತ್ತದೆ.

ಉತ್ತರವನ್ನು ಬರೆಯುವಾಗ ನಮ್ಮಿಬ್ಬರಿಗೆ ಇನ್ನೊಂದು ಜಗಳ ಆಯಿತು. ಗೆಳೆಯನಿಗೆ ಸಾವ್ಕಾರರ ‘ಎಲ್ಲರೂ ಹಿಡೀತಾರ’ ಎಂಬ ಮಾತು ಮೊದಲು ಬೇಕಿತ್ತು, ಏಕೆಂದರೆ ಅದು ಅವರನ್ನು ಸಿಕ್ಕಿಹಾಕಿಸುವ ಮಾತು. ಮುದ್ರೆಯ ಪ್ರಮಾಣಪತ್ರವನ್ನು ಕೊನೆಗೆ, ಸಾಧ್ಯವಾದರೆ ಬಿಟ್ಟುಬಿಡೋಣ ಎಂದ. ಅವರ ಉತ್ತರದಲ್ಲಿ ಅತ್ಯಂತ ಗಟ್ಟಿಯಾದದ್ದನ್ನು ಬಿಟ್ಟು ಅತ್ಯಂತ ದುರ್ಬಲವಾದದ್ದನ್ನು ತೋರಿಸಿದರೆ ಒಂದು ಪದವೂ ಸುಳ್ಳಾಗದೆ ಇಡೀ ವರದಿ ಸುಳ್ಳಾಗುತ್ತದೆ. ಕೊನೆಗೆ ವಿಡಿಯೊ ಹೀಗೆ ಶುರುವಾಯಿತು: ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ 180 ಕೆ.ಜಿ. ವ್ಯತ್ಯಾಸ ಗಾಡಿಯ ಮೇಲಿದ್ದ ಮೂವರ ತೂಕ, ವೇಬ್ರಿಜ್‌ನ ಮುದ್ರೆ ಸರಿಯಾಗಿದೆ. ಆಮೇಲೆ 41 ಕೆ.ಜಿ.ಯ ಕಡಿತ, ಅದರ ಪಕ್ಕದಲ್ಲೇ ವ್ಯಾಪಾರಿಯ ವಿವರಣೆ ಅವರದೇ ಮಾತಿನಲ್ಲಿ, ಆಮೇಲೆ ತೇವ ಅಳೆದ ದಾಖಲೆ ಇಲ್ಲ ಎಂಬುದು. ಬೇರೆ ವ್ಯಾಪಾರಿಗಳೂ ಹಾಗೇ ಮಾಡುತ್ತಾರೆ ಎಂಬ ಅವರ ಮಾತಿನಲ್ಲಿ ಎರಡು ಅಂಗಡಿಗಳ ಹೆಸರಿದ್ದವು; ಆ ಅಂಗಡಿಯವರನ್ನು ನಾವು ಕೇಳಿರಲಿಲ್ಲ, ಹಾಗಾಗಿ ಹೆಸರು ತೆಗೆದೆವು.

ಮುಂಚೆ ಕೇಳಿದರೆ ಕೋರ್ಟಿನಿಂದ ತಡೆ ತರುತ್ತಾರೆ ಎಂಬ ಭಯಕ್ಕೂ ಆಧಾರ ಇಲ್ಲದಿಲ್ಲ. 2024ರ ಮಾರ್ಚ್‌ನಲ್ಲಿ ಝೀ ಕಂಪನಿಯ ಲೆಕ್ಕಪತ್ರದ ಬಗ್ಗೆ ಬ್ಲೂಮ್‌ಬರ್ಗ್ ಪ್ರಕಟಿಸಿದ್ದ ಲೇಖನವನ್ನು ತೆಗೆಯಲು ದೆಹಲಿಯ ಕೆಳ ನ್ಯಾಯಾಲಯ ಆದೇಶಿಸಿತ್ತು, ದೆಹಲಿ ಹೈಕೋರ್ಟ್ ಒಪ್ಪಿತ್ತು. ಅದೇ ತಿಂಗಳ 22ರಂದು ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿ, ವಿಚಾರಣೆಗೆ ಮುಂಚೆ ಇಂಥ ತಡೆ ಅಪರೂಪದ ಸಂದರ್ಭಕ್ಕೆ ಮಾತ್ರ ಎಂದಿತು. ಅದು ದೊಡ್ಡ ಸಂಸ್ಥೆಗೆ ಸಿಕ್ಕ ಪರಿಹಾರ. ಊರಿನ ಯೂಟ್ಯೂಬ್ ಹುಡುಗನಿಗೆ ದೆಹಲಿಯವರೆಗೆ ಹೋಗುವ ಶಕ್ತಿ ಎಲ್ಲಿದೆ? ದಾಖಲೆ ನಾಶವಾಗುವ ಅಥವಾ ಮಾತಾಡಿದವರಿಗೆ ಪೆಟ್ಟು ಬೀಳುವ ಅಪಾಯ ಇದ್ದಾಗ ಮೊದಲು ಚೀಟಿ, ಬಿಲ್ಲುಗಳ ಪ್ರತಿ ಭದ್ರ ಮಾಡಿಕೊಂಡು, ಬೇರೆ ಕೆಲಸವೆಲ್ಲ ಮುಗಿಸಿ, ಕೊನೆಯಲ್ಲಿ ಕೇಳುವುದು ದಾರಿ. ಕೇಳದೇ ಇರುವುದಕ್ಕೆ ನಮ್ಮ ಪ್ರಕರಣದಲ್ಲಂತೂ ಕಾರಣ ಕಾಣಲಿಲ್ಲ.

ನಮ್ಮ ವಿಡಿಯೊ ನೋಡಿದವರು ಎಂಟು ನೂರು ಜನ. ಆ ಮೊದಲ ಫೋಟೊ ಈಗಲೂ ಗುಂಪುಗಳಲ್ಲಿ ಸುತ್ತುತ್ತಿದೆ. ವಿಡಿಯೊ ಬಂದ ಮೇಲೆ ಸಾವ್ಕಾರರು ಮತ್ತೆ ಫೋನ್ ಮಾಡಿ ಸಿಟ್ಟಾದರು, ಆದರೆ ಇಂಥ ಮಾತು ನಾನು ಹೇಳಿಲ್ಲ ಎಂದು ಒಂದನ್ನೂ ಹೇಳಲಿಲ್ಲ. ಆ ಎರಡು ಕಿಲೊ ಲೆಕ್ಕ ಯಾವ ಆಧಾರದ ಮೇಲೆ, ಮುಂದಿನ ಸುಗ್ಗಿಯಲ್ಲಿ ಅದನ್ನು ಬಿಲ್ಲಿನಲ್ಲಿ ಬರೆಯುತ್ತೀರಾ ಎಂದು ಕೇಳಿ ಮತ್ತೊಂದು ಪತ್ರ ಕೊಟ್ಟು ಬಂದಿದ್ದೇವೆ. ಪತ್ರ ಅವರ ಕೈಗೆ ತಲುಪಿದೆ. ಈ ಲೇಖನ ಕಳಿಸುವ ಹೊತ್ತಿಗೆ ಅವರು ಪ್ರತಿಕ್ರಿಯಿಸಿಲ್ಲ.